ಮಾರ್ಚ್ 31ರಂದು ಕಾಣದ ಸಾಲ

2020ರ ಜುಲೈ 24ರಂದು ಕಾಫಿ ಡೇ ಎಂಟರ್‌ಪ್ರೈಸಸ್ ಕಂಪನಿ ಒಂದು ತನಿಖಾ ವರದಿಯ ಮುಖ್ಯಾಂಶಗಳನ್ನು ಬಹಿರಂಗಪಡಿಸಿತು. ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ನಿಧನದ ನಂತರ ಕಂಪನಿಯ ನಿರ್ದೇಶಕ ಮಂಡಳಿ, ಸಿಬಿಐನ ನಿವೃತ್ತ ಡಿಐಜಿ ಅಶೋಕ್ ಕುಮಾರ್ ಮಲ್ಹೋತ್ರಾ ಅವರಿಗೆ ವಹಿಸಿದ್ದ ತನಿಖೆ ಅದು. ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಇನ್ನೊಂದು ಕಂಪನಿಯಿಂದ (ಇದನ್ನು ಮ್ಯಾಸೆಲ್ ಎನ್ನುತ್ತಾರೆ) ಕಾಫಿ ಡೇಯ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದು ವರದಿ ಹೇಳಿತು. ಇದು 2019ರ ಜುಲೈ 31ರ ಲೆಕ್ಕ. ಅದಕ್ಕೆ ನಾಲ್ಕು ತಿಂಗಳು ಮೊದಲು, ಮಾರ್ಚ್ 31ಕ್ಕೆ ಮುಗಿದ ವರ್ಷದ ಆಡಿಟ್ ಆದ ಲೆಕ್ಕಪತ್ರದಲ್ಲಿ ಇದೇ ಬಾಕಿ 842 ಕೋಟಿ ಎಂದಿತ್ತು. ನಡುವೆ 2,693 ಕೋಟಿಯ ವ್ಯತ್ಯಾಸ.

ಮ್ಯಾಸೆಲ್ ಸಿದ್ಧಾರ್ಥ ಅವರ ಕುಟುಂಬದ ಒಡೆತನದಲ್ಲಿದ್ದ ಕಂಪನಿ. ಈ ನಂಟು ಗುಟ್ಟಾಗಿರಲಿಲ್ಲ. ಷೇರುದಾರರಿಗೆ ಮ್ಯಾಸೆಲ್ ಎಂಬ ಹೆಸರೂ ಸಿಕ್ಕಿತ್ತು, ಒಂದು ಮೊತ್ತವೂ ಸಿಕ್ಕಿತ್ತು. ಆದರೂ ಅವರಿಗೆ ತಿಳಿಯಬೇಕಾದದ್ದು ತಿಳಿಯಲಿಲ್ಲ. 2023ರ ಜನವರಿ 24ರಂದು ಸೆಬಿ, ಏಳು ಅಂಗಸಂಸ್ಥೆಗಳಿಂದ ಮ್ಯಾಸೆಲ್‌ಗೆ ಹಣ ತಿರುಗಿಸಲಾಗಿದೆ ಎಂದು ಹೇಳಿ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ದಂಡ ಹಾಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಲೆಕ್ಕಪರಿಶೋಧಕರ ಮೇಲೆ ಕಣ್ಣಿಡುವ ರಾಷ್ಟ್ರೀಯ ಪ್ರಾಧಿಕಾರ ಎನ್‌ಎಫ್‌ಆರ್‌ಎ, ಸಮೂಹದ ಕಂಪನಿಗಳ ಆಡಿಟರುಗಳ ಮೇಲೂ ಕ್ರಮ ಕೈಗೊಂಡಿತು. ಸಮೂಹದೊಳಗೆ ಹಣವನ್ನು ಸುತ್ತಾಡಿಸಿ ಹಳೆಯ ಸಾಲ ತೀರಿದಂತೆ ತೋರಿಸಲಾಗಿತ್ತು, ಆಡಿಟರುಗಳು ಅದನ್ನು ಹಿಡಿಯಬೇಕಿತ್ತು ಎಂಬುದು ಅದರ ಆಕ್ಷೇಪದ ಸಾರ.

ಹೆಸರು ಮುಚ್ಚಿಟ್ಟರೆ ಒಂದು ಬಗೆಯ ಮೋಸ. ಹೆಸರು ಕೊಟ್ಟು ಮೊತ್ತ ಮುಚ್ಚಿಟ್ಟರೆ ಇನ್ನೊಂದು ಬಗೆಯದು. ಎರಡನ್ನೂ ಹಿಡಿಯುವ ದಾರಿಗಳು ಆಡಿಟರನ ಕೈಯಲ್ಲಿ ಇವೆ, ಅವುಗಳಲ್ಲಿ ಕೆಲವು ಸಾಮಾನ್ಯ ಷೇರುದಾರನಿಗೂ ಎಟಕುತ್ತವೆ.

ಕಂಪನಿಯ ಮೇಲೆ ಹಿಡಿತ ಇರುವವರು, ಅವರ ಮನೆಯವರು, ಅವರ ಇತರ ಕಂಪನಿಗಳು, ಇವರನ್ನೆಲ್ಲ ಕಾನೂನು ‘ಸಂಬಂಧಿತ ಪಕ್ಷ’ ಎನ್ನುತ್ತದೆ. ಆಫೀಸುಗಳಲ್ಲಿ ರಿಲೇಟೆಡ್ ಪಾರ್ಟಿ ಎಂದೇ ರೂಢಿ. ಇಂಥವರ ಜೊತೆ ವ್ಯವಹಾರ ಮಾಡುವುದು ತಪ್ಪಲ್ಲ. ನಿರ್ದೇಶಕರ ಹೆಂಡತಿಯ ಕಟ್ಟಡವನ್ನು ಕಂಪನಿ ಬಾಡಿಗೆಗೆ ಪಡೆಯಬಹುದು, ಅಣ್ಣನ ಕಾರ್ಖಾನೆಯಿಂದ ಬಿಡಿಭಾಗ ಕೊಳ್ಳಬಹುದು. ಆದರೆ ಕೊಡುವ ಕೈ, ಪಡೆಯುವ ಕೈ ಎರಡೂ ಒಂದೇ ಮನೆಯದಾದಾಗ ದರ ನ್ಯಾಯವಾಗಿದೆಯೋ ಇಲ್ಲವೋ ಎಂದು ಚೌಕಾಸಿ ಮಾಡಲು ಯಾರೂ ಇರುವುದಿಲ್ಲ. ಹಾಗಾಗಿ ಹಣ ಹಾಕಿದ ಹೊರಗಿನವರಿಗೆ ತಿಳಿಸಿ ಮಾಡಿ ಎನ್ನುತ್ತದೆ ಕಾನೂನು. ಯಾರ ಜೊತೆ, ಯಾವ ನಂಟು, ಯಾವ ವ್ಯವಹಾರ, ವರ್ಷದಲ್ಲಿ ಒಟ್ಟು ಎಷ್ಟು, ಕೊನೆಗೆ ಬಾಕಿ ಎಷ್ಟು, ಷರತ್ತು ಏನು ಎಂಬುದನ್ನೆಲ್ಲ ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಬರೆಯಬೇಕು.

ನೆಂಟಸ್ತಿಕೆಯ ಗಡಿ ಎಲ್ಲಿ ಎಂಬುದೇ ಮೊದಲ ತೊಡಕು. 2013ರ ಕಂಪನಿ ಕಾಯಿದೆ ಮತ್ತು ಅದರ ನಿಯಮಗಳು ಕೊಡುವ ಪಟ್ಟಿಯಲ್ಲಿ ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ, ಅವಿಭಕ್ತ ಕುಟುಂಬದ ಸದಸ್ಯರು ಇದ್ದಾರೆ. ಹೆಂಡತಿಯ ತಮ್ಮ ಇಲ್ಲ. ಅತ್ತಿಗೆ, ನಾದಿನಿ, ಬೀಗರು, ಅಕ್ಕನ ಮಗ, ಇವರು ಯಾರೂ ಇಲ್ಲ. ನಮ್ಮ ಕಡೆಯ ಕುಟುಂಬದ ವ್ಯಾಪಾರಗಳನ್ನು ಬಲ್ಲವರಿಗೆ ಗೊತ್ತು, ಭಾವಮೈದನ ಹೆಸರಿನಲ್ಲಿ ಒಂದು ಫರ್ಮು ಇರುವುದು ಎಷ್ಟು ಸಹಜವೆಂದು. ದೊಡ್ಡ ಕಂಪನಿಗಳು ಪಾಲಿಸಬೇಕಾದ ಲೆಕ್ಕಪತ್ರ ಮಾನದಂಡ, ಇಂಡ್ ಎಎಸ್ 24, ಇಲ್ಲಿ ಕಾಯಿದೆಗಿಂತ ಒಂದು ಹೆಜ್ಜೆ ಮುಂದಿದೆ. ಕಂಪನಿಯೊಂದಿಗಿನ ವ್ಯವಹಾರದಲ್ಲಿ ಯಾರು ಪ್ರಭಾವ ಬೀರಬಲ್ಲರು, ಯಾರು ಪ್ರಭಾವಕ್ಕೆ ಒಳಗಾಗಬಲ್ಲರು ಎಂದು ಅದು ಕೇಳುತ್ತದೆ. ಕಾಗದದ ಮೇಲಿನ ರೂಪ ಬಿಟ್ಟು ನಂಟಿನ ಒಳತಿರುಳು ನೋಡಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ಭಾವಮೈದ ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ಫರ್ಮನ್ನು ಬಿಟ್ಟುಬಿಡುವ ಆಡಿಟರ್ ಅರ್ಧ ಕೆಲಸವನ್ನಷ್ಟೇ ಮಾಡಿದ್ದಾನೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆ ಹೇಗೆ ನಡೆಯುತ್ತದೆ? ಹಲವು ಕಡೆ ನಡೆಯುವ ಕ್ರಮ ಇಷ್ಟು. ಕಂಪನಿ ಸಂಬಂಧಿತ ಪಕ್ಷಗಳ ಪಟ್ಟಿ ಕೊಡುತ್ತದೆ. ಆಡಿಟರ್ ಆ ಪಟ್ಟಿಯ ಒಂದೊಂದೇ ಹೆಸರು ಹಿಡಿದು, ಲೆಡ್ಜರಿನಲ್ಲಿ ಅವರ ಖಾತೆ ತೆರೆದು, ಮೊತ್ತ ತಾಳೆ ನೋಡಿ, ಗುರುತು ಹಾಕುತ್ತಾನೆ. ಕೊನೆಗೆ ‘ನಮಗೆ ಗೊತ್ತಿರುವ ಎಲ್ಲವನ್ನೂ ತಿಳಿಸಿದ್ದೇವೆ’ ಎಂಬ ಪತ್ರಕ್ಕೆ ಆಡಳಿತದ ಸಹಿ ಪಡೆಯುತ್ತಾನೆ. ಪಟ್ಟಿಯಲ್ಲಿ ಇರುವುದು ನಿಜವೇ ಎಂಬುದಕ್ಕೆ ಇದರಿಂದ ಉತ್ತರ ಸಿಗುತ್ತದೆ. ಪಟ್ಟಿಯಲ್ಲಿ ಇರಬೇಕಾದದ್ದೆಲ್ಲ ಇದೆಯೇ ಎಂಬುದಕ್ಕೆ ಸಿಗುವುದಿಲ್ಲ. ಮದುವೆಗೆ ಬಂದವರ ಹೆಸರು ಬರೆದ ಪುಸ್ತಕ ನೋಡಿ, ಕರೆಯಲು ಮರೆತವರು ಯಾರೆಂದು ಹೇಳಲಾಗದಷ್ಟೇ ಇದೂ ಸರಳ. ಪೂರ್ಣತೆಯನ್ನು ಪರೀಕ್ಷಿಸಬೇಕಾದರೆ ಪಟ್ಟಿಯನ್ನು ಬದಿಗಿಟ್ಟು, ಹೊರಗಿನ ದಾಖಲೆಯಿಂದ, ಹಣದ ಹರಿವಿನಿಂದ ಶುರುಮಾಡಿ ಪಟ್ಟಿಯ ಕಡೆಗೆ ನಡೆದು ಬರಬೇಕು. ಭಾರತದ ಆಡಿಟರುಗಳಿಗೆ ಅನ್ವಯವಾಗುವ ಎಸ್‌ಎ 550 ಎಂಬ ಮಾನದಂಡ ಬಯಸುವುದೂ ಇದನ್ನೇ. ಬ್ಯಾಂಕ್ ಮತ್ತು ವಕೀಲರ ದೃಢೀಕರಣ ಪತ್ರ, ಸಭೆಗಳ ನಡಾವಳಿ, ಇತರ ದಾಖಲೆಗಳಲ್ಲಿ ಕಂಪನಿ ಹೇಳದೆ ಬಿಟ್ಟ ನಂಟಿನ ಸುಳಿವು ಇದೆಯೇ ಎಂದು ಎಚ್ಚರದಿಂದ ನೋಡಬೇಕೆಂದು ಅದು ಹೇಳುತ್ತದೆ.

ಹೇಳಿದ್ದು ಕಣ್ಣಿಗೆ ಕಟ್ಟಲೆಂದು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಇದು ಯಾವ ನಿಜ ಕಂಪನಿಯದೂ ಅಲ್ಲ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಂಪನಿ, ವರ್ಷದ ವಹಿವಾಟು 180 ಕೋಟಿ. ಅದು ಕೊಟ್ಟ ಸಂಬಂಧಿತ ಪಕ್ಷಗಳ ಪಟ್ಟಿಯಲ್ಲಿ ಆರು ಹೆಸರು. ಆರಕ್ಕೂ ಲೆಕ್ಕ ಸರಿಯಾಗಿ ತಾಳೆಯಾಗುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ‘ಇತರರಿಗೆ ಕೊಟ್ಟ ಸಾಲ’ ಎಂದು ಒಂದು ಕೋಟಿ ರೂಪಾಯಿ ಇದೆ. 180 ಕೋಟಿಯ ಕಂಪನಿಗೆ ಒಂದು ಕೋಟಿ ದೊಡ್ಡದಲ್ಲ ಎಂದು ಆಡಿಟರ್ ಮುಂದೆ ಹೋಗಿಬಿಡಬಹುದು.

ಆದರೆ ಲಾಭನಷ್ಟದ ಪುಟದಲ್ಲಿ, ಸಾಲದ ಮೇಲೆ ಬಂದ ಬಡ್ಡಿ ಎಂದು 2 ಕೋಟಿ 57 ಲಕ್ಷ ಇದೆ. ಬಡ್ಡಿ ದರ ಶೇಕಡಾ 12 ಎಂದು ಕಂಪನಿಯೇ ಹೇಳಿದೆ. ಒಂದು ಕೋಟಿಗೆ ಶೇಕಡಾ 12ರಂತೆ ವರ್ಷಕ್ಕೆ ಬರುವುದು 12 ಲಕ್ಷ. 2 ಕೋಟಿ 57 ಲಕ್ಷ ಬರಬೇಕಾದರೆ ವರ್ಷವಿಡೀ ಸರಾಸರಿ 21 ಕೋಟಿಗೂ ಹೆಚ್ಚು ಸಾಲ ಹೊರಗೆ ಇದ್ದಿರಬೇಕು. ಬಡ್ಡಿಯನ್ನು ದರದಿಂದ ಭಾಗಿಸುವ ಈ ಸಣ್ಣ ಲೆಕ್ಕಕ್ಕೆ ಎರಡು ನಿಮಿಷ ಸಾಕು. ಅಡಗಿಸುವವರು ಅಸಲನ್ನು ಮರೆಮಾಡುತ್ತಾರೆ, ಬಡ್ಡಿಯನ್ನು ಮಾತ್ರ ಬರೆಯುತ್ತಾರೆ, ಏಕೆಂದರೆ ಬಡ್ಡಿ ಬರೆದರೆ ಲಾಭ ಚೆನ್ನಾಗಿ ಕಾಣುತ್ತದೆ.

ಈಗ ಆಡಿಟರ್ ಆ ಸಾಲದ ಖಾತೆಯನ್ನು ತಿಂಗಳ ಕೊನೆಯ ಬಾಕಿಯಾಗಿ ನೋಡದೆ ದಿನದಿನದ ಬಾಕಿಯಾಗಿ ಬಿಡಿಸಿ ನೋಡುತ್ತಾನೆ. ಒಂದು ಟ್ರೇಡಿಂಗ್ ಕಂಪನಿಗೆ ಏಪ್ರಿಲ್ 4ರಂದು 22 ಕೋಟಿ ಹೋಗಿದೆ, ಜೂನ್ 28ರಂದು ಪೂರ್ತಿ ವಾಪಸ್ ಬಂದಿದೆ. ಜುಲೈ 3ರಂದು ಮತ್ತೆ ಹೋಗಿದೆ, ಸೆಪ್ಟೆಂಬರ್ 27ಕ್ಕೆ ಬಂದಿದೆ. ಅಕ್ಟೋಬರ್ 5ರಿಂದ ಡಿಸೆಂಬರ್ 28, ಜನವರಿ 4ರಿಂದ ಮಾರ್ಚ್ 29. ವರ್ಷದ 365 ದಿನಗಳಲ್ಲಿ 339 ದಿನ ಹಣ ಹೊರಗಿತ್ತು. ಹೊರಗಿಲ್ಲದ 26 ದಿನಗಳಲ್ಲಿ ನಾಲ್ಕು ತ್ರೈಮಾಸಿಕಗಳ ಕೊನೆಯ ದಿನವೂ ಸೇರಿಕೊಂಡಿವೆ. ಬ್ಯಾಲೆನ್ಸ್ ಶೀಟ್ ಎಂಬುದು ಒಂದೇ ದಿನದ ಚಿತ್ರ, ಆ ದಿನಕ್ಕೆ ಹಣವನ್ನು ಮನೆಗೆ ಕರೆದು ತಂದರೆ ಚಿತ್ರದಲ್ಲಿ ಏನೂ ಕೊರತೆ ಇರುವುದಿಲ್ಲ.

ಮುಂದಿನ ಪ್ರಶ್ನೆ, ಈ ಟ್ರೇಡಿಂಗ್ ಕಂಪನಿ ಯಾರದು? ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಯಾವ ಕಂಪನಿಯ ವಿಳಾಸ, ಬಂಡವಾಳ, ನಿರ್ದೇಶಕರ ಹೆಸರುಗಳನ್ನಾದರೂ ನೋಡಬಹುದು. ಸಣ್ಣ ಶುಲ್ಕ ಕಟ್ಟಿದರೆ ವಾರ್ಷಿಕ ರಿಟರ್ನ್ ಮತ್ತು ಷೇರುದಾರರ ಪಟ್ಟಿಯೂ ಸಿಗುತ್ತದೆ. ಪ್ರತಿ ನಿರ್ದೇಶಕನಿಗೂ ಎಂಟು ಅಂಕಿಯ ಒಂದು ಗುರುತು ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಹೋದರೆ ಆತ ಇನ್ನೂ ಯಾವ ಯಾವ ಕಂಪನಿಗಳಲ್ಲಿ ಇದ್ದಾನೆ ಎಂಬುದು ಹೊರಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ಸಾಲ ಪಡೆದ ಕಂಪನಿಯ ಬಂಡವಾಳ ಒಂದು ಲಕ್ಷ ರೂಪಾಯಿ. ಅದಕ್ಕೆ 22 ಕೋಟಿ ಸಾಲ, ಅಡಮಾನವಿಲ್ಲದೆ. ಇಬ್ಬರು ನಿರ್ದೇಶಕರಲ್ಲಿ ಒಬ್ಬಾಕೆಯ ಹೆಸರು ಪೀಣ್ಯದ ಕಂಪನಿಯದೇ ಸಂಬಳದ ಪಟ್ಟಿಯಲ್ಲಿದೆ, ಲೆಕ್ಕ ವಿಭಾಗದ ಸಹಾಯಕಿ. ಇನ್ನೊಬ್ಬ ನಿರ್ದೇಶಕ ಒಂದು ಭೂಮಿ ಅಭಿವೃದ್ಧಿ ಕಂಪನಿಯಲ್ಲೂ ಇದ್ದಾನೆ. ಆ ಭೂಮಿ ಕಂಪನಿಯ ಷೇರುಗಳಲ್ಲಿ ಹೆಚ್ಚಿನ ಪಾಲು ವ್ಯವಸ್ಥಾಪಕ ನಿರ್ದೇಶಕರ ಅಳಿಯನದು.

ಹೆಸರು ಒಂದೇ ಎಂದ ಮಾತ್ರಕ್ಕೆ ಆಳು ಒಂದೇ ಆಗಬೇಕಿಲ್ಲ ಎಂಬ ಎಚ್ಚರ ಇಲ್ಲಿ ಬೇಕು. ಮಂಜುನಾಥ, ಲಕ್ಷ್ಮಿ ಎಂಬ ಹೆಸರು ಹುಡುಕಿದರೆ ನೂರಾರು ಸಿಗುತ್ತಾರೆ. ತಂದೆಯ ಹೆಸರು, ವಿಳಾಸ, ಪ್ಯಾನ್ ಇವುಗಳಲ್ಲಿ ಎರಡಾದರೂ ಕೂಡಿಬಂದ ಮೇಲೆಯೇ ಒಂದು ಎನ್ನಬೇಕು.

ಇದೇ ಕೆಲಸವನ್ನು ಸಾಲ ಪಡೆದವರ ಮೇಲೆ ಮಾತ್ರವಲ್ಲ, ಕಂಪನಿಗೆ ಸರಕು ಒದಗಿಸುವ ಎಲ್ಲರ ಮೇಲೂ ಮಾಡಬಹುದು. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಅಕ್ಷರಗಳು ಆ ವ್ಯಾಪಾರಿಯ ಪ್ಯಾನ್ ಸಂಖ್ಯೆಯೇ. ಪ್ಯಾನ್‌ನ ನಾಲ್ಕನೆಯ ಅಕ್ಷರ P ಆಗಿದ್ದರೆ ಹೆಸರು ಎಷ್ಟೇ ದೊಡ್ಡದಿರಲಿ, ‘ಎಂಟರ್‌ಪ್ರೈಸಸ್’, ‘ಇಂಡಸ್ಟ್ರೀಸ್’ ಏನೇ ಇರಲಿ, ಅದರ ಹಿಂದೆ ಇರುವುದು ಒಬ್ಬ ವ್ಯಕ್ತಿ. C ಆಗಿದ್ದರೆ ಕಂಪನಿ, H ಆಗಿದ್ದರೆ ಅವಿಭಕ್ತ ಕುಟುಂಬ. ಹೀಗೆ ಪಾವತಿ ಪಡೆದವರ ಪಟ್ಟಿಯಿಂದ ಪ್ಯಾನ್ ಸಂಖ್ಯೆಗಳನ್ನು ಬೇರ್ಪಡಿಸಿ, ನಿರ್ದೇಶಕರು ಮತ್ತು ನೌಕರರ ಪ್ಯಾನ್ ಜೊತೆ ಹೋಲಿಸಿದರೆ, ಬೇರೆ ಬೇರೆ ಹೆಸರಿನ ಮೂರು ಅಂಗಡಿಗಳು ಒಬ್ಬನದೇ ಎಂಬುದು ಕಂಡೀತು. ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ವಿಳಾಸಗಳನ್ನೂ ಹೀಗೆಯೇ ಎದುರುಬದುರು ಇಟ್ಟು ನೋಡುತ್ತಾರೆ.

ಆದರೆ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಕಾಗದ, ನಾನು ಕಂಡಂತೆ, ಬ್ಯಾಂಕ್ ಸ್ಟೇಟ್‌ಮೆಂಟ್. ಲೆಡ್ಜರ್ ಕಂಪನಿಯ ಒಳಗೆ ಬರೆದದ್ದು, ಬರೆಯುವವರು ಯಾವ ಹೆಸರಾದರೂ ಬರೆಯಬಹುದು. ಬ್ಯಾಂಕಿನ ಸಾಲಿನಲ್ಲಿ ಆರ್‌ಟಿಜಿಎಸ್ ಹಣ ಯಾರ ಖಾತೆಯಿಂದ ಬಂತು ಎಂಬ ಹೆಸರು ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಲೆಡ್ಜರ್ ಪ್ರಕಾರ ಜೂನ್ 28ರಂದು ಟ್ರೇಡಿಂಗ್ ಕಂಪನಿ 22 ಕೋಟಿ ಮರಳಿಸಿದೆ. ಬ್ಯಾಂಕ್ ಸಾಲು ಬೇರೆ ಹೇಳುತ್ತದೆ. ಜೂನ್‌ನಲ್ಲಿ ಹಣ ಬಂದದ್ದು ಒಂದು ಫೈನಾನ್ಸ್ ಕಂಪನಿಯಿಂದ, ಸೆಪ್ಟೆಂಬರ್‌ನಲ್ಲಿ ಬಂದದ್ದು ಅಳಿಯನ ಭೂಮಿ ಕಂಪನಿಯಿಂದ. ಅಂದರೆ ಸಾಲ ಪಡೆದವನ ಬಳಿ ತೀರಿಸುವ ಹಣ ಇರಲೇ ಇಲ್ಲ. ತ್ರೈಮಾಸಿಕದ ಕೊನೆಗೆ ಕೆಲವು ದಿನದ ಮಟ್ಟಿಗೆ ಎಲ್ಲಿಂದಲೋ ಕೈಗಡ ತಂದು ತುಂಬಿ, ಮುಂದಿನ ತಿಂಗಳ ಆರಂಭದಲ್ಲಿ ಮತ್ತೆ ಹೊರಗೆ ತೆಗೆದಿದ್ದಾರೆ. ಪಡೆದವನ ಹೆಸರು, ತೀರಿಸಿದವನ ಹೆಸರು ಬೇರೆಬೇರೆಯಾದರೆ ಆ ಇಬ್ಬರ ನಡುವೆ ಏನೋ ಇದೆ ಎಂದೇ ಅರ್ಥ, ಅದೇನೆಂದು ತಿಳಿಯುವವರೆಗೆ ಆಡಿಟರ್ ಅಲ್ಲಿಂದ ಕದಲಬಾರದು.

ಇಷ್ಟಾದ ಮೇಲೆ ಆಡಳಿತವನ್ನು ಕೇಳಬೇಕು. ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ‘ಹಣ ಸುಮ್ಮನೆ ಬಿದ್ದಿತ್ತು ಸರ್, ಬ್ಯಾಂಕಿಗಿಂತ ಒಳ್ಳೆ ಬಡ್ಡಿ ಸಿಗುತ್ತೆ ಅಂತ ಕೊಟ್ವಿ. ಆ ಕಂಪನಿಗೂ ನಮಗೂ ಏನೂ ಸಂಬಂಧವಿಲ್ಲ.’ ಈ ಮಾತನ್ನು ಅಲ್ಲಗಳೆಯುವುದಕ್ಕೆ ವಾದ ಬೇಕಿಲ್ಲ, ಕಾಗದ ಬೇಕು. ಸಾಲ ಕೊಡಿ ಎಂದು ಅರ್ಜಿ ಬಂದದ್ದು ಯಾವಾಗ, ಯಾರ ಮೂಲಕ? ಮಂಜೂರು ಮಾಡಿದವರು ಯಾರು? ಅವರ ತೀರಿಸುವ ಶಕ್ತಿಯನ್ನು ಯಾರು ಅಳೆದರು? ಹಣ ಸುಮ್ಮನೆ ಬಿದ್ದಿತ್ತು ಎಂದಾದರೆ ಅದೇ ದಿನ ಕಂಪನಿಯ ಓವರ್‌ಡ್ರಾಫ್ಟ್ ಖಾತೆ ಎಷ್ಟು ಸಾಲದಲ್ಲಿತ್ತು? ತಾನೇ ಬ್ಯಾಂಕಿನಿಂದ ಎಳೆದ ಸಾಲವನ್ನು ಇನ್ನೊಬ್ಬರಿಗೆ ಕೊಟ್ಟಿದ್ದರೆ ‘ಸುಮ್ಮನೆ ಬಿದ್ದ ಹಣ’ ಎಂಬ ಮಾತು ಅಲ್ಲಿಗೇ ಮುಗಿಯಿತು.

ನಂಟು ಸಾಬೀತಾದರೆ ಏನು ಬರೆಯಬೇಕು? ಇಲ್ಲಿ ಹಲವರು ಜಾರುತ್ತಾರೆ. ‘ಮಾರ್ಚ್ 31ಕ್ಕೆ ಬಾಕಿ ಸೊನ್ನೆ, ಬಹಿರಂಗಪಡಿಸಲು ಏನಿದೆ?’ ಎಂಬ ವಾದ ಬರುತ್ತದೆ. ಮಾನದಂಡ ಬಾಕಿಯನ್ನಷ್ಟೇ ಅಲ್ಲ, ವರ್ಷದೊಳಗೆ ನಡೆದ ವ್ಯವಹಾರದ ಮೊತ್ತವನ್ನೂ ಕೇಳುತ್ತದೆ. ನಾಲ್ಕು ಬಾರಿ 22 ಕೋಟಿ ಹೋಗಿದೆ. ಟಿಪ್ಪಣಿಯಲ್ಲಿ 88 ಕೋಟಿ ಸಾಲ ಕೊಟ್ಟದ್ದು, 88 ಕೋಟಿ ಮರಳಿದ್ದು, ಬಡ್ಡಿ ಬಂದದ್ದು, ಬಾಕಿ ಸೊನ್ನೆ ಎಂದು ನಾಲ್ಕೂ ಬರಬೇಕು. ಆಮೇಲೆ ಆಡಿಟರ್ ಇನ್ನೂ ಎರಡು ಕೆಲಸ ಮಾಡಬೇಕು. ಒಂದು, ತನ್ನ ತಂಡಕ್ಕೆಲ್ಲ ಈ ಹೊಸ ಹೆಸರುಗಳನ್ನು ತಿಳಿಸಿ, ಖರೀದಿ, ಮಾರಾಟ, ಆಸ್ತಿ ಎಲ್ಲ ಕಡೆ ಅವುಗಳನ್ನು ಮತ್ತೊಮ್ಮೆ ಹುಡುಕಿಸಬೇಕು. ಎರಡು, ಈ ಹೆಸರು ಪಟ್ಟಿಯಿಂದ ಬಿಟ್ಟದ್ದು ಮರೆವೋ ಉದ್ದೇಶವೋ ಎಂದು ತೂಗಬೇಕು. ಉದ್ದೇಶ ಎಂದಾದರೆ ಆಡಳಿತ ಸಹಿ ಹಾಕಿ ಕೊಟ್ಟ ಉಳಿದೆಲ್ಲ ಪತ್ರಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಒಂದು ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ವಂಚನೆ ಎಂದು ನಂಬಲು ಕಾರಣವಿದ್ದರೆ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕಾದ ಹೊಣೆಯನ್ನು ಕಂಪನಿ ಕಾಯಿದೆಯ 143ನೇ ಕಲಂ ಆಡಿಟರನ ಮೇಲೆ ಹೊರಿಸಿದೆ.

ಪೀಣ್ಯದ ಕಂಪನಿ ಕಲ್ಪನೆಯದು, ಆದರೆ ಅದರ ತಂತ್ರ ಕಲ್ಪನೆಯದಲ್ಲ. ಬೆಂಗಳೂರಿನಲ್ಲೂ ಆಸ್ಪತ್ರೆಗಳಿರುವ ಫೋರ್ಟಿಸ್ ಹೆಲ್ತ್‌ಕೇರ್‌ನಲ್ಲಿ ನಡೆದದ್ದು ಬಹುಪಾಲು ಇದೇ. ಅದರ ಅಂಗಸಂಸ್ಥೆ ಫೋರ್ಟಿಸ್ ಹಾಸ್ಪಿಟಲ್ಸ್, ಬೆಸ್ಟ್, ಫರ್ನ್, ಮಾಡ್‌ಲ್ಯಾಂಡ್ ಎಂಬ ಮೂರು ಕಂಪನಿಗಳಿಗೆ ಅಲ್ಪಾವಧಿ ಠೇವಣಿಯ ರೂಪದಲ್ಲಿ ಸಾಲ ಕೊಡುತ್ತಿತ್ತು. ತ್ರೈಮಾಸಿಕದ ಆರಂಭದಲ್ಲಿ ಹೋದ ಹಣ ಕೊನೆಯಲ್ಲಿ ಮರಳಿ, ಮತ್ತೆ ಹೋಗುತ್ತಿತ್ತು ಎಂದು ಸೆಬಿ ಗುರುತಿಸಿತು. ಕೊಟ್ಟಾಗ ಮೂರೂ ಹೊರಗಿನ ಕಂಪನಿಗಳೆಂದೇ ಲೆಕ್ಕ. ಆದರೆ ಹಣ ಅಲ್ಲಿ ನಿಲ್ಲುತ್ತಿರಲಿಲ್ಲ, ಅಂತಿಮವಾಗಿ ಅದು ಪ್ರವರ್ತಕರಾದ ಮಲ್ವಿಂದರ್ ಮತ್ತು ಶಿವಿಂದರ್ ಸಿಂಗ್ ಸೋದರರ ಆರ್‌ಎಚ್‌ಸಿ ಹೋಲ್ಡಿಂಗ್ ಕಂಪನಿಗೆ ಅನುಕೂಲವಾಯಿತು ಎಂಬುದು ಸೆಬಿ ಕಂಡುಕೊಂಡದ್ದು. 2017ರಲ್ಲಿ ಹಣ ಕೊನೆಗೂ ಮರಳಲಿಲ್ಲ, ಆಗ ಎಲ್ಲ ಬಯಲಾಯಿತು. 2018ರ ಅಕ್ಟೋಬರ್ 17ರ ಮಧ್ಯಂತರ ಆದೇಶದಲ್ಲಿ 403 ಕೋಟಿ ರೂಪಾಯಿಯನ್ನು ಬಡ್ಡಿ ಸಹಿತ ವಸೂಲಿ ಮಾಡಿ ಎಂದು ಸೆಬಿ ಹೇಳಿತು. ನಾಲ್ಕು ದಿನಗಳ ಕೈಗಡ ಹುಟ್ಟುವವರೆಗೆ ಈ ಬಗೆಯ ಸುತ್ತು ನಡೆದೀತು, ಹುಟ್ಟದ ತಿಂಗಳಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಕಾಯದೆ ಮೊದಲೇ ಹಿಡಿಯುವುದಕ್ಕೆ ದಿನದಿನದ ಬಾಕಿಯನ್ನು ಬಿಡಿಸುವುದಕ್ಕಿಂತ ನೇರವಾದ ದಾರಿ ನನಗೆ ತಿಳಿದಿಲ್ಲ.

ನಡುವೆ ಹೊರಗಿನವನೊಬ್ಬನನ್ನು ನಿಲ್ಲಿಸಿದರೆ ಸಂಬಂಧಿತ ಪಕ್ಷ ಎಂಬ ವ್ಯಾಖ್ಯೆಯಿಂದ ತಪ್ಪಿಸಿಕೊಳ್ಳಬಹುದಾಗಿತ್ತು. ಸೆಬಿ ತನ್ನ ನಿಯಮಗಳನ್ನು ಇದಕ್ಕಾಗಿಯೇ ಬಿಗಿ ಮಾಡಿತು. 2023ರ ಏಪ್ರಿಲ್ 1ರಿಂದ, ಷೇರುಪೇಟೆಯಲ್ಲಿರುವ ಕಂಪನಿ ಯಾರ ಜೊತೆ ವ್ಯವಹಾರ ಮಾಡಿದರೂ, ಅದರ ಉದ್ದೇಶ ಮತ್ತು ಪರಿಣಾಮ ಸಂಬಂಧಿತ ಪಕ್ಷಕ್ಕೆ ಲಾಭ ಮಾಡಿಕೊಡುವುದೇ ಆಗಿದ್ದರೆ ಅದನ್ನು ಸಂಬಂಧಿತ ಪಕ್ಷದ ವ್ಯವಹಾರವೆಂದೇ ಪರಿಗಣಿಸಬೇಕು. ಹಾಗಾಗಿ ಆಡಿಟರನ ಪ್ರಶ್ನೆ ‘ಹಣ ಯಾರಿಗೆ ಹೋಯಿತು’ ಎಂಬಲ್ಲಿಗೆ ಮುಗಿಯುವಂತಿಲ್ಲ, ‘ಅಲ್ಲಿಂದ ಎಲ್ಲಿಗೆ ಹೋಯಿತು’ ಎಂದೂ ಕೇಳಬೇಕು.

ಕೇಳಬಹುದು, ಆದರೆ ಯಾವಾಗಲೂ ಉತ್ತರ ಸಿಗುವುದಿಲ್ಲ. ಆಡಿಟರನಿಗೆ ತನ್ನ ಕಕ್ಷಿದಾರ ಕಂಪನಿಯ ಬ್ಯಾಂಕ್ ಪುಸ್ತಕ ನೋಡುವ ಹಕ್ಕಿದೆ, ಸಾಲ ಪಡೆದ ಇನ್ನೊಂದು ಕಂಪನಿಯ ಪುಸ್ತಕ ನೋಡುವ ಹಕ್ಕಿಲ್ಲ. ಸೆಬಿಯಂತೆ ಬ್ಯಾಂಕುಗಳಿಂದ ವಿವರ ತರಿಸಿಕೊಳ್ಳುವ, ಶೋಧ ನಡೆಸುವ ಅಧಿಕಾರವೂ ಇಲ್ಲ. ಷೇರುಗಳನ್ನು ಡ್ರೈವರ್ ಹೆಸರಿನಲ್ಲೋ ಅಡುಗೆಯವರ ಹೆಸರಿನಲ್ಲೋ ಇಟ್ಟಿದ್ದರೆ ದಾಖಲೆಯ ಹುಡುಕಾಟ ಅಲ್ಲಿಗೇ ನಿಂತೀತು. ಆಗ ಅವನ ಕೈಯಲ್ಲಿ ಉಳಿಯುವುದು ವ್ಯವಹಾರದ ಅಸಹಜತೆ ಮಾತ್ರ. ಒಂದು ಲಕ್ಷ ಬಂಡವಾಳದವನಿಗೆ 22 ಕೋಟಿಯನ್ನು ಅಡಮಾನವಿಲ್ಲದೆ ಯಾವ ಅಪರಿಚಿತನೂ ಕೊಡುವುದಿಲ್ಲ. ನಂಟು ಸಾಬೀತಾಗದಿದ್ದರೂ, ಸಾಲದ ಹಿಂದಿನ ವ್ಯಾವಹಾರಿಕ ಕಾರಣಕ್ಕೆ ತೃಪ್ತಿಕರ ಪುರಾವೆ ಸಿಗಲಿಲ್ಲ ಎಂದು ವರದಿಯಲ್ಲಿ ಷರಾ ಬರೆಯುವ ದಾರಿ ಅವನಿಗೆ ತೆರೆದೇ ಇದೆ. ಆ ದಾರಿ ಹಿಡಿಯಲು ಕೌಶಲಕ್ಕಿಂತ ಹೆಚ್ಚಾಗಿ ಗಟ್ಟಿತನ ಬೇಕು, ಏಕೆಂದರೆ ಮುಂದಿನ ವರ್ಷದ ಫೀ ಕೊಡುವವರೂ ಅದೇ ಆಡಳಿತದವರು.

ಹಣವೇ ಕೈಬದಲಾಗದ ವ್ಯವಹಾರಗಳು ಇನ್ನೂ ಕಷ್ಟದವು. ಪ್ರವರ್ತಕರ ಬೇರೊಂದು ಕಂಪನಿಯ ಸಾಲಕ್ಕೆ ಈ ಕಂಪನಿ ಜಾಮೀನು ನಿಂತಿದೆ ಎಂದಿಟ್ಟುಕೊಳ್ಳಿ. ಲೆಡ್ಜರಿನಲ್ಲಿ ಒಂದು ಸಾಲೂ ಇರುವುದಿಲ್ಲ. ಅದನ್ನು ಹುಡುಕಬೇಕಾದದ್ದು ಎರಡು ಕಡೆ. ಬ್ಯಾಂಕಿಗೆ ನೇರವಾಗಿ ಪತ್ರ ಬರೆದು, ಕಂಪನಿ ಕೊಟ್ಟಿರುವ ಎಲ್ಲ ಜಾಮೀನುಗಳ ವಿವರ ಕೇಳಬೇಕು. ಕಂಪನಿಯ ಆಸ್ತಿ ಅಡ ಇಟ್ಟಿದ್ದರೆ ಅದರ ನೋಂದಣಿ ಸಚಿವಾಲಯದ ತಾಣದಲ್ಲಿ ಇರುತ್ತದೆ, ಅದನ್ನೂ ನೋಡಬೇಕು. ಕಂಪನಿಯ ಸಿಬ್ಬಂದಿಯ ಕೈಯಿಂದ ಪಡೆದ ಬ್ಯಾಂಕ್ ಪತ್ರವನ್ನು ಇದಕ್ಕೆ ನೆಚ್ಚಬಾರದು.

ಇನ್ನು ಷೇರು ಕೊಂಡ ಸಾಮಾನ್ಯ ಓದುಗರಿಗೆ. ನಿಮಗೆ ಲೆಡ್ಜರ್ ಸಿಗುವುದಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಸಿಗುವುದಿಲ್ಲ. ಆದರೆ ಆಡಿಟರ್ ವರದಿಯ ಜೊತೆ ‘ಕಾರೋ’ ಎಂದು ಕರೆಯುವ ಒಂದು ಅನುಬಂಧ ಇರುತ್ತದೆ. 2020ರಲ್ಲಿ ಪರಿಷ್ಕೃತವಾದ ಆ ಆದೇಶದ ಮೂರನೇ ಅಂಶದ ಪ್ರಕಾರ, ಕಂಪನಿ ಸಾಲ ಅಥವಾ ಜಾಮೀನು ಕೊಟ್ಟಿದ್ದರೆ ವರ್ಷದಲ್ಲಿ ಕೊಟ್ಟ ಒಟ್ಟು ಮೊತ್ತ ಎಷ್ಟು, ವರ್ಷದ ಕೊನೆಗೆ ಉಳಿದ ಬಾಕಿ ಎಷ್ಟು ಎಂದು ಎರಡನ್ನೂ ಆಡಿಟರ್ ಬೇರೆಬೇರೆಯಾಗಿ ಹೇಳಬೇಕು. ಒಟ್ಟು 88 ಕೋಟಿ, ಬಾಕಿ ಸೊನ್ನೆ ಎಂದು ಬರೆದಿದ್ದರೆ ಈ ಪುಟದಲ್ಲಿ ಎದ್ದು ಕಾಣುತ್ತದೆ. ದೊಡ್ಡ ಅಂತರ ಕಂಡ ಕೂಡಲೇ ಮೋಸ ಎನ್ನಲಾಗದು, ನಿಜವಾಗಿ ತೀರಿದ ಅಲ್ಪಾವಧಿ ಸಾಲವೂ ಹೀಗೆಯೇ ಕಾಣುತ್ತದೆ. ಬಡ್ಡಿಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ.

ಸಮೂಹದ ಒಟ್ಟು ಲೆಕ್ಕಪತ್ರದಲ್ಲಿ ಈ ಮೂರನೇ ಅಂಶ ಸಿಗುವುದಿಲ್ಲ, ಒಂದೊಂದು ಕಂಪನಿಯ ಪ್ರತ್ಯೇಕ ಲೆಕ್ಕದಲ್ಲಿ ಮಾತ್ರ ಸಿಗುತ್ತದೆ. ಕಾಫಿ ಡೇಯಲ್ಲೂ ಫೋರ್ಟಿಸ್‌ನಲ್ಲೂ ಹಣ ಹೊರಹೋದದ್ದು ಅಂಗಸಂಸ್ಥೆಗಳ ಬಾಗಿಲಿನಿಂದ. ಷೇರುಪೇಟೆಯಲ್ಲಿರುವ ಕಂಪನಿ ತನ್ನ ಪ್ರತಿ ಅಂಗಸಂಸ್ಥೆಯ ಆಡಿಟ್ ಆದ ಲೆಕ್ಕವನ್ನೂ ತನ್ನ ಜಾಲತಾಣದಲ್ಲಿ ಹಾಕಬೇಕು. ಅವುಗಳನ್ನು ತೆರೆಯುವವರು ಕಡಿಮೆ. ಒಂದು ಭಾನುವಾರ ಕೂತು ತೆರೆಯಿರಿ. ಜೊತೆಗೆ ಕಂಪನಿ ಆರು ತಿಂಗಳಿಗೊಮ್ಮೆ ಷೇರುಪೇಟೆಗೆ ಸಲ್ಲಿಸುವ ಸಂಬಂಧಿತ ಪಕ್ಷಗಳ ವ್ಯವಹಾರದ ಪಟ್ಟಿಯನ್ನು ಹಿಂದಿನ ಎರಡು ಮೂರು ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿ. ಒಂದು ಹೆಸರು ಇದ್ದಕ್ಕಿದ್ದಂತೆ ಬಿದ್ದುಹೋಗಿದ್ದರೆ, ನಂಟು ನಿಜವಾಗಿ ಮುಗಿಯಿತೇ, ಇಲ್ಲ ಷೇರುಗಳು ಪರಿಚಿತರೊಬ್ಬರ ಹೆಸರಿಗೆ ಹೋದವೇ ಎಂಬುದು ಕೇಳಬೇಕಾದ ಮಾತು.

ಕೇಳುವ ಜಾಗವೂ ಇದೆ. ಕಂಪನಿಯೇ ವಿನಾಯಿತಿ ಕೊಡದ ಹೊರತು, ವಾರ್ಷಿಕ ಮಹಾಸಭೆಗೆ ಆಡಿಟರ್ ತಾನಾಗಲಿ ತನ್ನ ಅರ್ಹ ಪ್ರತಿನಿಧಿಯಾಗಲಿ ಹಾಜರಿರಬೇಕೆಂದು ಕಾಯಿದೆಯ 146ನೇ ಕಲಂ ಹೇಳುತ್ತದೆ. ಸಭೆಗೆ ಮುಂಚೆಯೇ ಕಂಪನಿ ಕಾರ್ಯದರ್ಶಿಗೆ ಬರೆದು ಕೇಳಬಹುದಾದ ಪ್ರಶ್ನೆಗಳು ಎರಡು. ಇತರರಿಗೆ ಕೊಟ್ಟ ಸಾಲಗಳ ಬಾಕಿ ಈ ವರ್ಷದ ಯಾವ ದಿನ ಎಲ್ಲಕ್ಕಿಂತ ಹೆಚ್ಚಿತ್ತು, ಆ ದಿನ ಅದು ಎಷ್ಟಿತ್ತು? ಮಾರ್ಚ್ ಕೊನೆಯ ವಾರದಲ್ಲಿ ಮರಳಿದ ಹಣದಲ್ಲಿ ಏಪ್ರಿಲ್ ಮೊದಲ ಹದಿನೈದು ದಿನಗಳಲ್ಲಿ ಮತ್ತೆ ಹೊರಹೋದದ್ದು ಎಷ್ಟು, ಯಾರಿಗೆ?